ಮುಖ ಕಂಡಿತು ಸರಿ, ಯಾರದ್ದು ಅಂತ ಗೊತ್ತಾಯ್ತಾ?

ಮೊನ್ನೆ ನಮ್ಮ ಮನೆಯ ಗೃಹಪ್ರವೇಶದ ಒಂದು ಫೋಟೋವನ್ನು ಓಪನ್‌ಸಿವಿ ಎಂಬ, ಚಿತ್ರ ವಿಶ್ಲೇಷಿಸುವ ಸಾಫ್ಟ್‌ವೇರಿಗೆ ಕೊಟ್ಟು ನೋಡಿದೆ. ಅದರ ಜೊತೆಗೇ ಬರುವ `haarcascade_frontalface_default.xml` ಎಂಬ ಹಳೆಯ ಫೈಲನ್ನೇ ಬಳಸಿದ್ದೆ. ಫೋಟೋದಲ್ಲಿದ್ದವರು ಹನ್ನೊಂದು ಜನ. ಹತ್ತು ಮುಖಕ್ಕೆ ಚೌಕ ಬಿತ್ತು. ಪಕ್ಕಕ್ಕೆ ತಿರುಗಿ ನಗುತ್ತಿದ್ದ ಅತ್ತೆಯ ಮುಖ ತಪ್ಪಿಹೋಯಿತು. ಬದಲಿಗೆ ಯಾರದೋ ಸೀರೆಯ ನೆರಿಗೆಯ ಮೇಲೆ ಒಂದು ಚೌಕ ಕೂತಿತ್ತು! ಒಂದೊಂದು ಚೌಕಕ್ಕೂ ಸಿಕ್ಕಿದ್ದು ನಾಲ್ಕೇ ಅಂಕಿ:

```
412 96 58 58
```

ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ, ಅಗಲ ಎಷ್ಟು, ಎತ್ತರ ಎಷ್ಟು. ಅಷ್ಟೇ. ಇದು ಅಪ್ಪನೋ ಅಡುಗೆಯವರೋ ಅನ್ನುವ ಸುಳಿವು ಅದರಲ್ಲಿ ಎಲ್ಲೂ ಇಲ್ಲ. ಇದು ಮುಖ ಪತ್ತೆ. ಮುಖ ಯಾರದ್ದು ಅಂತ ಗುರುತು ಹಿಡಿಯುವುದು ಬೇರೆಯೇ ಕೆಲಸ.

ಮೊದಲು ಶುರುವಾಗಿದ್ದು ಎರಡನೆಯದು. 1960ರ ದಶಕದಲ್ಲಿ ಅಮೆರಿಕದಲ್ಲಿ ವುಡಿ ಬ್ಲೆಡ್‌ಸೋ ಎಂಬ ಗಣಿತಜ್ಞರು ಕಂಪ್ಯೂಟರಿನಿಂದ ಮುಖದ ಗುರುತು ಹಿಡಿಸಲು ಹೊರಟರು. ಆದರೆ ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗಬೇಕಲ್ವಾ? ಆ ಕೆಲಸವನ್ನು ಮನುಷ್ಯರೇ ಮಾಡಿದರು. ಒಬ್ಬರು ಕೂತು ಕಣ್ಣಿನ ತುದಿ, ಬಾಯಿಯ ತುದಿ ಹೀಗೆ ಒಂದೊಂದನ್ನೂ ಕೈಯಿಂದ ಗುರುತು ಹಾಕುತ್ತಿದ್ದರು. ಯಂತ್ರ ಆ ಚುಕ್ಕೆಗಳ ನಡುವಿನ ದೂರಗಳನ್ನು ಹೋಲಿಸುತ್ತಿತ್ತು. ಗಂಟೆಗೆ ಸುಮಾರು 40 ಫೋಟೋ ಆಗುತ್ತಿದ್ದವು.

ಮುಖ ಹುಡುಕುವ ಕೆಲಸ ಸಾಮಾನ್ಯ ಕಂಪ್ಯೂಟರಿನಲ್ಲಿ ಸಲೀಸಾಗಿದ್ದು 2001ರಲ್ಲಿ. ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ ಹಾಕಿದ ದಾರಿ ಇದು. 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಒಂದು ಪುಟ್ಟ ಕಿಟಕಿಯನ್ನು ಚಿತ್ರದ ಮೇಲೆಲ್ಲ ಸರಿಸುತ್ತಾ ಹೋಗುವುದು. ದೊಡ್ಡ ಮುಖಗಳಿಗಾಗಿ ಕಿಟಕಿಯನ್ನೂ ದೊಡ್ಡದು ಮಾಡುವುದು. ಪ್ರತಿ ಜಾಗದಲ್ಲೂ ಮೊದಲು ಎರಡೇ ಪ್ರಶ್ನೆ. ಕಣ್ಣಿನ ಪಟ್ಟಿ ಕೆಳಗಿನ ಕೆನ್ನೆಗಿಂತ ಕಪ್ಪಗಿದೆಯಾ? ಎರಡು ಕಣ್ಣುಗಳ ನಡುವಿನ ಮೂಗಿನ ಭಾಗ ಕಣ್ಣುಗಳಿಗಿಂತ ಬೆಳ್ಳಗಿದೆಯಾ? ಇಲ್ಲ ಅಂದರೆ ಆ ಜಾಗವನ್ನು ಅಲ್ಲೇ ಕೈಬಿಡುವುದು. ಹೌದು ಅಂದರೆ ಮುಂದಿನ ಜರಡಿ. ಹೀಗೆ ಒಟ್ಟು 38 ಜರಡಿ. ಗೋಡೆ, ಆಕಾಶ, ಚಾಪೆ ಎಲ್ಲ ಮೊದಲ ಕೆಲವು ಜರಡಿಗಳಲ್ಲೇ ಉದುರಿಹೋಗುತ್ತವೆ. ಅದಕ್ಕೇ 700 ಮೆಗಾಹರ್ಟ್ಸ್‌ನ ಪೆಂಟಿಯಂ 3 ಯಂತ್ರ ಕೂಡ ಸೆಕೆಂಡಿಗೆ 15 ಚಿತ್ರ ನೋಡಿ ಮುಗಿಸಿತು. ನಾನು ಬಳಸಿದ ಆ ಹಳೆಯ ಫೈಲಿನದೂ ಇದೇ ವಿಧಾನ. ನನ್ನ ಫೋಟೋದ ಸೀರೆ ಸಿಕ್ಕಿಬಿದ್ದಿದ್ದೂ ಇಲ್ಲೇ. ನೆರಿಗೆಯ ಕಪ್ಪು-ಬಿಳುಪು ಪಟ್ಟಿಗಳು ಅದರ ಜರಡಿಗಳನ್ನೆಲ್ಲ ದಾಟಿಬಿಟ್ಟಿದ್ದವು.

ವಯೋಲಾ-ಜೋನ್ಸ್ ತಮ್ಮ ಜರಡಿಗಳನ್ನು ಕಲಿಸಿದ್ದು 4,916 ಮುಖಗಳನ್ನು ತೋರಿಸಿ. ಅಷ್ಟೂ ಮುಖಗಳಲ್ಲಿ ಸಮಾನವಾಗಿರುವುದನ್ನು ಹಿಡಿ, ಬೇರೆಬೇರೆ ಇರುವುದನ್ನು ಬಿಡು ಅನ್ನುವುದೇ ಪಾಠ. ಗುರುತು ಹಿಡಿಯುವಾಗ ಪಾಠ ತಿರುಗಾಮುರುಗಾ. 1991ರಲ್ಲಿ ಮ್ಯಾಥ್ಯೂ ಟರ್ಕ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ ಎಲ್ಲ ಮುಖಗಳ ಸರಾಸರಿ ತೆಗೆದು, ಅದನ್ನು ಪ್ರತಿ ಮುಖದಿಂದಲೂ ಕಳೆದು, ಉಳಿದಿದ್ದನ್ನು ಮಾತ್ರ ಹೋಲಿಸಿದರು. ಒಂದು ಕೆಲಸ ಬಿಸಾಡಿದ್ದೇ ಇನ್ನೊಂದಕ್ಕೆ ಬಂಡವಾಳ. ಈಗಿನ ವಿಧಾನಗಳ ಒಳಗುಟ್ಟೂ ಇದೇ. 2015ರ ಫೇಸ್‌ನೆಟ್ ಎಂಬ ವಿಧಾನ ಒಂದು ಮುಖವನ್ನು 128 ಅಂಕಿಗಳಾಗಿ ಬದಲಿಸುತ್ತದೆ. ಒಬ್ಬರದೇ ಎರಡು ಫೋಟೋಗಳ ಅಂಕಿಗಳು ಹತ್ತಿರ ಬರಬೇಕು, ಬೇರೆಯವರದು ದೂರ ಇರಬೇಕು. ಎಷ್ಟು ಹತ್ತಿರವಾದರೆ 'ಒಬ್ಬರೇ' ಅನ್ನಬೇಕು? ಆ ಗೆರೆ ಎಳೆಯುವವರು ಮನುಷ್ಯರು.

ಆ ಫೇಸ್‌ನೆಟ್ 99.63% ಅಂಕ ತೆಗೆದ ಪರೀಕ್ಷೆಯಲ್ಲಿ ಒಂದು ಸಂಗತಿ ಅಡಗಿದೆ. ಸುದ್ದಿಗಳಿಂದ ಆಯ್ದ 13,233 ಫೋಟೋಗಳ ಆ ಸಂಗ್ರಹ 2007ರದು. ಅದರಲ್ಲಿರುವ ಮುಖಗಳನ್ನು ಹೆಕ್ಕಿದ್ದು ವಯೋಲಾ-ಜೋನ್ಸ್ ವಿಧಾನ. ಅದಕ್ಕೆ ಕಾಣದ ಮುಖ ಪರೀಕ್ಷೆಗೇ ಬರಲಿಲ್ಲ. ನಮ್ಮ ಅತ್ತೆಯ ಆ ಫೋಟೋ ಇದ್ದಿದ್ದರೆ ಅದೂ ಹೊರಗೇ ಉಳಿಯುತ್ತಿತ್ತು. ಜೊತೆಗೆ ಆ ಪರೀಕ್ಷೆ ಕೇಳಿದ್ದು ಎರಡು ಫೋಟೋ ಕೊಟ್ಟು 'ಇಬ್ಬರೂ ಒಬ್ಬರೇನಾ' ಅಂತ ಮಾತ್ರ.

ಲಕ್ಷಾಂತರ ಜನರ ಪಟ್ಟಿಯಲ್ಲಿ ಹುಡುಕುವಾಗ ಲೆಕ್ಕ ಬದಲಾಗುತ್ತದೆ. ಲಕ್ಷ ಹೋಲಿಕೆಗೆ ಒಂದೇ ಒಂದು ತಪ್ಪು ಅಂತಿಟ್ಟುಕೊಳ್ಳಿ. ಹತ್ತು ಲಕ್ಷ ಜನರ ಪಟ್ಟಿಯಲ್ಲಿ ಒಬ್ಬರನ್ನು ಹುಡುಕಿದರೆ ಸುಮಾರು ಹತ್ತು ತಪ್ಪು ಮುಖಗಳು ಎದ್ದುಬರುತ್ತವೆ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಗಡಿಯಾರದ ಕಳ್ಳತನದ ಕೇಸಿನಲ್ಲಿ ಒಬ್ಬ ಕಪ್ಪು ವರ್ಣೀಯರನ್ನು ಮನೆಯ ಮುಂದೆ, ಹೆಂಡತಿ ಮಕ್ಕಳ ಎದುರೇ ಹಿಡಿದೊಯ್ದರು. ಅಂಗಡಿಯ ಮಸುಕು ವಿಡಿಯೋದ ಮುಖಕ್ಕೆ ಅವರ ಹಳೆಯ ಡ್ರೈವಿಂಗ್ ಲೈಸೆನ್ಸ್ ಫೋಟೋ ಹೊಂದಿತ್ತು. ಕಳ್ಳ ಅವರಲ್ಲ. ವಿಡಿಯೋದಲ್ಲಿ ಮುಖ ಇತ್ತು ಅನ್ನುವುದು ನಿಜ. ಪತ್ತೆಯ ಹಂತ ಸರಿಯಾಗೇ ನಡೆದಿತ್ತು. ಹೆಸರು ಅಂಟಿಸುವ ಹಂತದಲ್ಲಿ ಆಗಿದ್ದು ಎಡವಟ್ಟು, ಅದನ್ನು ಸರಿಯಾಗಿ ತಾಳೆ ನೋಡದ ಪೊಲೀಸರದು ಇನ್ನೊಂದು.

ನಿಮ್ಮೆದುರಿನ ಕ್ಯಾಮೆರಾ ಯಾವ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾ? ನಿಮ್ಮ ಮುಖ ಅದರ ಬಳಿ ಮೊದಲೇ ಇರಬೇಕಾ ಅಂತ ಕೇಳಿ. ಫೋನಿನ ಕ್ಯಾಮೆರಾ ಹಳದಿ ಚೌಕ ಹಾಕಿ ಫೋಕಸ್ ಮಾಡಲು ಹಾಗೇನೂ ಬೇಕಿಲ್ಲ, ಅಪರಿಚಿತರ ಮುಖಕ್ಕೂ ಅದು ಚೌಕ ಹಾಕುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ಡಿಜಿಯಾತ್ರಾ ಗೇಟ್ ತೆರೆಯಬೇಕಾದರೆ ಮಾತ್ರ ನೀವು ಆಪ್‌ನಲ್ಲಿ ಮೊದಲೇ ಒಂದು ಸೆಲ್ಫಿ ಕೊಟ್ಟಿರಬೇಕು.