ಪೋಕರ್ ಟೂರ್ನಮೆಂಟ್ ಮೂರು ಗಂಟೆಯಲ್ಲಿ ಮುಗಿಯಬೇಕು: ಚಿಪ್ಸ್ ಎಷ್ಟು, ಬ್ಲೈಂಡ್ ಎಷ್ಟು?

ಪ್ರಶ್ನೆ: ಮನೆಯಲ್ಲಿ ಒಂಬತ್ತು ಜನ ಸೇರಿ ಟೂರ್ನಮೆಂಟ್ ಆಡುತ್ತೇವೆ. ಪ್ರತಿ ಸಲ ಮಧ್ಯರಾತ್ರಿ ದಾಟುತ್ತದೆ. ಮೂರು ಗಂಟೆಯಲ್ಲಿ ಮುಗಿಸುವುದು ಹೇಗೆ?

ಎಲ್ಲರೂ ಒಬ್ಬೊಬ್ಬರಿಗೆ ಎಷ್ಟು ಚಿಪ್ಸ್ ಕೊಡಬೇಕು ಅಂತ ಶುರು ಮಾಡುತ್ತಾರೆ. ನೀವು ಕೊನೆಯಿಂದ ಶುರು ಮಾಡಿ. ಮೇಜಿನ ಮೇಲಿರುವ ಒಟ್ಟು ಚಿಪ್ಸ್ ಬಿಗ್ ಬ್ಲೈಂಡಿನ ಸುಮಾರು 20 ಪಟ್ಟಿಗೆ ಇಳಿದಾಗ ಟೂರ್ನಮೆಂಟ್ ಹೆಚ್ಚುಕಮ್ಮಿ ಮುಗಿಯುತ್ತದೆ. ಯಾಕೆ ಅಂದರೆ, ಆಗ ಉಳಿದಿರುವುದು ಇಬ್ಬರೇ ಅಂದುಕೊಳ್ಳಿ, ತಲಾ ಹತ್ತು ಬಿಗ್ ಬ್ಲೈಂಡ್ ಇರುತ್ತದೆ. ಸ್ವಲ್ಪ ಒಳ್ಳೆಯ ಕಾರ್ಡ್ ಬಂದರೂ ಆಲ್ ಇನ್ ಹೋಗಲೇಬೇಕು, ಕಾಯುತ್ತಾ ಕೂತರೆ ಬ್ಲೈಂಡೇ ತಿಂದುಹಾಕುತ್ತದೆ.

ನಿಮ್ಮ ಲೆಕ್ಕವನ್ನೇ ಹಾಕೋಣ. ಒಬ್ಬರಿಗೆ 5000 ಕೊಟ್ಟರೆ ಒಂಬತ್ತು ಜನಕ್ಕೆ 45,000. ಅದನ್ನು 20ರಿಂದ ಭಾಗಿಸಿದರೆ 2250. ಅಂದರೆ ಬಿಗ್ ಬ್ಲೈಂಡ್ 2000 ಆಗುವ ಲೆವೆಲ್ ಎರಡೂವರೆ ಗಂಟೆಯ ಹೊತ್ತಿಗೆ ಬರಬೇಕು. ಶುರು 25/50 ಇರಲಿ, ಆಗ ಕೈಯಲ್ಲಿ ನೂರು ಬಿಗ್ ಬ್ಲೈಂಡ್ ಇರುತ್ತದೆ, ಆಡೋಕೆ ಧಾರಾಳ. ಒಂದು ಲೆವೆಲ್ 15 ನಿಮಿಷ.

ಮೊದಲ ಐದು ಲೆವೆಲ್: 25/50, 50/100, 75/150, 100/200, 150/300. ಹತ್ತು ನಿಮಿಷ ಬಿಡುವು. ಆಮೇಲೆ 200/400, 300/600, 400/800, 600/1200, 1000/2000, 1500/3000. ಹತ್ತನೇ ಲೆವೆಲ್ 1000/2000 ಶುರುವಾಗುವುದು 145ನೇ ನಿಮಿಷಕ್ಕೆ, ಹನ್ನೊಂದನೆಯದು ಮುಗಿಯುವುದು 175ಕ್ಕೆ. ಇವೆರಡರಲ್ಲಿ ಒಂದರಲ್ಲಿ ಆಟ ಮುಗಿಯುವ ಸಾಧ್ಯತೆ ಜಾಸ್ತಿ. ಆದರೆ ಇದು ಅಂದಾಜು, ಗ್ಯಾರಂಟಿ ಅಲ್ಲ. ಕೊನೆಯ ಇಬ್ಬರು ಹಟ ಹಿಡಿದು ಕೂರಬಹುದು, ಅದಕ್ಕೇ 2000/4000 ಮತ್ತು 3000/6000 ಕೂಡ ಮೊದಲೇ ಬರೆದಿಡಿ.

ಬಿಡುವು ಐದನೇ ಲೆವೆಲ್ ಆದ ಮೇಲೇ ಯಾಕೆ? ಅಲ್ಲಿಂದ ಮುಂದೆ 25ರ ಚಿಪ್ಸ್ ಬೇಕಾಗುವುದೇ ಇಲ್ಲ. ಒಬ್ಬರಿಗೆ 25ರದ್ದು ಎಂಟು, 100ರದ್ದು ಎಂಟು, 500ರದ್ದು ನಾಲ್ಕು, 1000ದ್ದು ಎರಡು ಕೊಟ್ಟಿರುತ್ತೀರಿ. ಕೂಡಿ ನೋಡಿ, ಸರಿಯಾಗಿ 5000. ಬಿಡುವಿನಲ್ಲಿ 25ರವನ್ನೆಲ್ಲ ವಾಪಸ್ ತಗೊಂಡು, ನಾಲ್ಕಕ್ಕೆ ಒಂದರಂತೆ 100ರದ್ದು ಕೊಡಿ. ಒಂದೆರಡು ಚಿಲ್ಲರೆ ಉಳಿದವರಿಗೂ ಒಂದು ಪೂರ್ತಿ 100 ಕೊಟ್ಟುಬಿಡಿ. ಮನೆ ಆಟದಲ್ಲಿ ಅದಕ್ಕೆ ಜಗಳ ಬೇಡ.

ಈಗ ನಿಮ್ಮ ಆಟ ಎಳೆಯುವುದು ಯಾಕೆ ಅನ್ನೋದಕ್ಕೆ ಬರೋಣ. ನಾನೂ ಒಮ್ಮೆ "ಜಾಸ್ತಿ ಚಿಪ್ಸ್ ಇದ್ದರೆ ಮಜಾ" ಅಂತ ಒಂಬತ್ತು ಜನಕ್ಕೂ 10,000 ಕೊಟ್ಟು, ಬ್ಲೈಂಡ್ ಮಾತ್ರ 25/50ರಿಂದಲೇ ಶುರು ಮಾಡಿ, ಲೆವೆಲ್ 25 ನಿಮಿಷ ಇಟ್ಟಿದ್ದೆ. ಐದು ಗಂಟೆಯಾದರೂ ಮೂವರು ಉಳಿದಿದ್ದರು, ಮೊದಲೇ ಔಟಾದವರು ಸೋಫಾದಲ್ಲಿ ನಿದ್ದೆ ಹೋಗಿದ್ದರು. ಮೇಲಿನ ಪಟ್ಟಿಯಲ್ಲಿ ಬ್ಲೈಂಡ್ ಸುಮಾರು ಎರಡು ಲೆವೆಲ್‌ಗೆ ಒಮ್ಮೆ ದುಪ್ಪಟ್ಟಾಗುತ್ತದೆ, ಅಲ್ವಾ? ಹಾಗಾಗಿ ಚಿಪ್ಸ್ ದುಪ್ಪಟ್ಟು ಮಾಡಿದರೆ ಆಟ ಎರಡು ಲೆವೆಲ್ ಮುಂದಕ್ಕೆ ಹೋಗುತ್ತದೆ. ಚಿಪ್ಸ್ ಮತ್ತು ಬ್ಲೈಂಡ್ ಎರಡನ್ನೂ ದುಪ್ಪಟ್ಟು ಮಾಡಿದರೆ ಮಾತ್ರ ಸಮಯ ಬದಲಾಗಲ್ಲ, ಸುಮ್ನೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ ಅಷ್ಟೇ.

ಹಾಗಂತ ಪ್ರತಿ ಲೆವೆಲ್‌ಗೂ ಬ್ಲೈಂಡ್ ದುಪ್ಪಟ್ಟು ಮಾಡಬೇಡಿ. 8000 ಇಟ್ಟುಕೊಂಡು ಕೂತವನಿಗೆ 400/800ರಲ್ಲಿ ಹತ್ತು ಬಿಗ್ ಬ್ಲೈಂಡ್ ಇರುತ್ತದೆ, ಗಂಟೆ ಹೊಡೆದ ತಕ್ಷಣ 800/1600 ಆದರೆ ಐದೇ. ಅವನು ಯಾವ ತಪ್ಪೂ ಮಾಡಿಲ್ಲ. 600/1200 ಆದರೆ ಏರಿಕೆ ಒಂದೂವರೆ ಪಟ್ಟು, ಅದನ್ನು ತಡೆದುಕೊಳ್ಳಬಹುದು.

ಇನ್ನೊಂದು ವಿಷಯ ರೀಬೈ. ಇದನ್ನು ಲೆಕ್ಕಕ್ಕೆ ಹಿಡಿಯೋದು ತುಂಬಾ ಜನ ಮರೆಯುತ್ತಾರೆ. ನಾಲ್ಕು ರೀಬೈ ಆದರೆ ಮೇಜಿಗೆ ಇನ್ನೂ 20,000 ಬಂತು, ಒಟ್ಟು 65,000. 20ರಿಂದ ಭಾಗಿಸಿದರೆ 3250, ಅಂದರೆ ಮುಗಿಯೋದು ಒಂದು ಲೆವೆಲ್ ತಡ. ಬಿಡುವಿನ ಹೊತ್ತಿಗೆ ರೀಬೈ ಮುಚ್ಚಿಬಿಡಿ. ಆಮೇಲೆ ಒಟ್ಟು ಚಿಪ್ಸ್ ಬದಲಾಗಲ್ಲ, ನಿಮಗೂ ಕೊನೆ ಯಾವಾಗ ಅಂತ ಅಂದಾಜು ಸಿಗುತ್ತದೆ. ತಡ ಆಗುತ್ತದೆ ಅನ್ನಿಸಿದರೆ ಬ್ಲೈಂಡಿನ ಪಟ್ಟಿ ಮುಟ್ಟಬೇಡಿ. ಎಲ್ಲರನ್ನೂ ಕೇಳಿ, ಬಿಡುವಿನ ನಂತರದ ಲೆವೆಲ್‌ಗಳನ್ನು 12 ನಿಮಿಷಕ್ಕೆ ಇಳಿಸಿ. ಆರು ಲೆವೆಲ್‌ಗೆ 18 ನಿಮಿಷ ಉಳಿಯುತ್ತದೆ.