ನ್ಯೂಟನ್ ತೀರಿಕೊಂಡಾಗ ವಯಸ್ಸೆಷ್ಟು?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಐಸಾಕ್ ನ್ಯೂಟನ್ ಸ್ಮಾರಕವಿದೆ. ಅದರ ಮೇಲೆ ಎರಡು ತಾರೀಖು ಕೆತ್ತಿದ್ದಾರೆ. ಹುಟ್ಟಿದ್ದು 25 ಡಿಸೆಂಬರ್ 1642, ತೀರಿಕೊಂಡಿದ್ದು 20 ಮಾರ್ಚ್ 1726. ಕಳೆದು ನೋಡಿ, 83 ವರ್ಷ ಚಿಲ್ಲರೆ ಬರುತ್ತದೆ. ಆದರೆ ನ್ಯೂಟನ್ ಬದುಕಿದ್ದು 84 ವರ್ಷ ದಾಟಿ. ಕಲ್ಲು ಕೆತ್ತಿದವರದ್ದೂ ತಪ್ಪಿಲ್ಲ, ನಮ್ಮ ಕಳೆಯುವ ಲೆಕ್ಕದಲ್ಲೂ ತಪ್ಪಿಲ್ಲ.

ಕ್ಯಾಲೆಂಡರ್ ಸುಧಾರಣೆ ಎಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಕಾಣೆಯಾದ 11 ದಿನ. 1752ರಲ್ಲಿ ಬ್ರಿಟನ್ ಜೂಲಿಯನ್ ಪದ್ಧತಿ ಬಿಟ್ಟು ಗ್ರೆಗೋರಿಯನ್ ಪದ್ಧತಿಗೆ ಬಂತು. ಸೆಪ್ಟೆಂಬರ್ 2ರ ಮಾರನೇ ದಿನವೇ 14 ಆಯಿತು. ಸರಿ, ಆದರೆ ವಯಸ್ಸಿನ ಲೆಕ್ಕವನ್ನು ಜಾಸ್ತಿ ಕೆಡಿಸುವುದು ಅದೇ ಕಾಯ್ದೆ ತಂದ ಇನ್ನೊಂದು ಬದಲಾವಣೆ. ಅದಕ್ಕೂ ಮುಂಚೆ ಇಂಗ್ಲೆಂಡಿನ ಅಧಿಕೃತ ದಾಖಲೆಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಯುಗಾದಿ ಮಾಡುವ ನಮಗೆ ಇದೇನೂ ವಿಚಿತ್ರವಲ್ಲ, ಅಲ್ವಾ? ಮಾರ್ಚ್ 20 ಎಂದರೆ ಹೊಸ ವರ್ಷಕ್ಕೆ ಇನ್ನೂ ಐದು ದಿನ ಬಾಕಿ. ಹಾಗಾಗಿ ಅವರಿಗೆ ಅದು 1726, ಜನವರಿಯಿಂದ ಎಣಿಸುವ ನಮಗೆ 1727.

ಈ ಬಲೆ ಇರುವುದು ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖುಗಳಲ್ಲಿ ಮಾತ್ರ. ಎಚ್ಚರಿಕೆಯ ಬರಹಗಾರರು ಆಗಲೇ 1726/7 ಎಂದು ಎರಡೂ ವರ್ಷ ಬರೆಯುತ್ತಿದ್ದರು. ಹಾಗೆ ಬರೆದಿಲ್ಲದಿದ್ದರೆ ವಾರ ನೋಡಬೇಕು. ನ್ಯೂಟನ್ ತೀರಿಕೊಂಡಿದ್ದು ಸೋಮವಾರ ಬೆಳಗಿನ ಜಾವ. ಜೂಲಿಯನ್ ಲೆಕ್ಕದಲ್ಲಿ 1727ರ ಮಾರ್ಚ್ 20 ಸೋಮವಾರ, ಅದರ ಹಿಂದಿನ ವರ್ಷದ ಮಾರ್ಚ್ 20 ಭಾನುವಾರ. ಅನುಮಾನ ಅಲ್ಲಿಗೆ ಮುಗಿಯಿತು.

ಇನ್ನು ವಯಸ್ಸು. ಎರಡೂ ತಾರೀಖು ಜೂಲಿಯನ್ನಿನಲ್ಲೇ ಇವೆ. 25 ಡಿಸೆಂಬರ್ 1642ರಿಂದ 20 ಮಾರ್ಚ್ 1727ಕ್ಕೆ 84 ವರ್ಷ 2 ತಿಂಗಳು 23 ದಿನ. ಗ್ರೆಗೋರಿಯನ್ನಿಗೆ ಬದಲಿಸಿದರೆ ಹುಟ್ಟಿದ್ದು 4 ಜನವರಿ 1643, ಸಾವು 31 ಮಾರ್ಚ್ 1727. ಈಗ 84 ವರ್ಷ 2 ತಿಂಗಳು 27 ದಿನ ಬರುತ್ತದೆ! ನಾಲ್ಕು ದಿನ ಹೇಗೆ ಹೆಚ್ಚಾಯಿತು?

ಒಂದೂ ಹೆಚ್ಚಾಗಿಲ್ಲ. ಬಿಡಿಬಿಡಿಯಾಗಿ ದಿನ ಎಣಿಸಿ. ಜೂಲಿಯನ್ನಿನಲ್ಲಿ 84 ವರ್ಷಕ್ಕೆ 30,681 ದಿನ, ಮೇಲೆ 85. ಗ್ರೆಗೋರಿಯನ್ನಿನಲ್ಲಿ 84 ವರ್ಷಕ್ಕೆ 30,680 ದಿನ, ಮೇಲೆ 86. ಎರಡೂ ಕಡೆ 30,766. ಮಧ್ಯೆ ಬಂದ 1700 ಜೂಲಿಯನ್ನಿನಲ್ಲಿ ಅಧಿಕ ವರ್ಷ, ಗ್ರೆಗೋರಿಯನ್ನಿನಲ್ಲಿ ಅಲ್ಲ. ಎರಡರ ಅಂತರ ಹುಟ್ಟಿದಾಗ 10 ದಿನ ಇದ್ದದ್ದು ಸಾಯುವಾಗ 11 ಆಗಿದ್ದು ಇದರಿಂದಲೇ. ಉಳಿದ ವ್ಯತ್ಯಾಸ, ಫೆಬ್ರವರಿಗೆ 28 ದಿನ, ಡಿಸೆಂಬರ್‌ಗೆ 31 ಇರುವುದರ ಫಲ. 'ತಿಂಗಳು' ಎನ್ನುವುದು ಹಿಗ್ಗಿ ಕುಗ್ಗುವ ಅಳತೆ. ಖಗೋಳದವರು ತಿಂಗಳು, ವರ್ಷದ ಗೋಜಿಗೇ ಹೋಗದೆ ಪ್ರತಿ ದಿನಕ್ಕೂ ಒಂದೊಂದು ಕ್ರಮಸಂಖ್ಯೆ ಕೊಟ್ಟುಕೊಂಡಿದ್ದಾರೆ. ಅದಕ್ಕೆ ಜೂಲಿಯನ್ ದಿನಸಂಖ್ಯೆ ಎನ್ನುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಮುಗಿಯಿತು.

ನಿಜವಾದ ತಪ್ಪು ಆಗುವುದು ಎರಡು ಪದ್ಧತಿಗಳನ್ನು ಬೆರೆಸಿದಾಗ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ, ಅದು ಪುನರ್ಜನ್ಮ ಎಂದು ಕಣ್ಣರಳಿಸಿ ಹೇಳುವವರು ಇದ್ದಾರೆ. ಗೆಲಿಲಿಯೋ ತೀರಿಕೊಂಡ 8 ಜನವರಿ 1642 ಇಟಲಿಯ ತಾರೀಖು. ಅಲ್ಲಿ 1582ರಲ್ಲೇ ಗ್ರೆಗೋರಿಯನ್ ಬಂದಿತ್ತು. ನ್ಯೂಟನ್ ಹುಟ್ಟಿದ ತಾರೀಖು ಇಂಗ್ಲೆಂಡಿನ ಜೂಲಿಯನ್. ಗ್ರೆಗೋರಿಯನ್ನಿನಲ್ಲಿ ಒಬ್ಬರದ್ದು 1642, ಇನ್ನೊಬ್ಬರದ್ದು 1643. ಜೂಲಿಯನ್ನಿನಲ್ಲಿ, ವರ್ಷವನ್ನು ಜನವರಿಯಿಂದಲೇ ಎಣಿಸಿದರೆ, ಗೆಲಿಲಿಯೋದು 29 ಡಿಸೆಂಬರ್ 1641. ಯಾವುದೇ ಒಂದು ಪದ್ಧತಿಗೆ ಅಂಟಿಕೊಂಡರೂ ವರ್ಷ ಒಂದೇ ಆಗುವುದಿಲ್ಲ. ಪುನರ್ಜನ್ಮ ಆಗಿದ್ದು ಸುಮ್ನೆ ಬೆರಕೆ ಲೆಕ್ಕದಲ್ಲಿ.

ಇದೇ ಬೆರಕೆಯ ಅಪಾಯ ಬೆಂಗಳೂರಿನಲ್ಲೂ ಇದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಗೊತ್ತಲ್ಲ, ಅಲ್ಲಿದ್ದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಚ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅವರು ಹುಟ್ಟಿದ 10 ಅಕ್ಟೋಬರ್ 1904 ರಷ್ಯಾದ ಹಳೆಯ ಪದ್ಧತಿಯದ್ದು. ರಷ್ಯಾ ಬದಲಾಗಿದ್ದು 1918ರಲ್ಲಿ. 1904ರ ಹೊತ್ತಿಗೆ ಅಂತರ 13 ದಿನ, ಅಂದರೆ ನಮ್ಮ ಲೆಕ್ಕಕ್ಕೆ, ಅವರ ಜನ್ಮದಿನ ಎಂದು ಎಲ್ಲೆಡೆ ಕಾಣುವ 23 ಅಕ್ಟೋಬರ್. ಅವರು ಬೆಂಗಳೂರಿನಲ್ಲಿ ತೀರಿಕೊಂಡ 30 ಜನವರಿ 1993 ಮಾತ್ರ ಗ್ರೆಗೋರಿಯನ್. ಹಳೆಯ ತಾರೀಖನ್ನು ಇದ್ದಹಾಗೆ ಕಳೆದರೆ 88 ವರ್ಷ 3 ತಿಂಗಳು 20 ದಿನ. ಬದಲಿಸಿ ಕಳೆದರೆ 88 ವರ್ಷ 3 ತಿಂಗಳು 7 ದಿನ. ಇಲ್ಲಿ ಪೂರ್ತಿ ವರ್ಷದ ಅಂಕಿ ಪಾರಾಯಿತು. ಆದರೆ ಇಂಥವರೊಬ್ಬರು ಅಕ್ಟೋಬರ್ 15ಕ್ಕೆ ತೀರಿಕೊಂಡಿದ್ದರೆ, ಬದಲಿಸದೆ ಕಳೆದವರ ಉತ್ತರದಲ್ಲಿ ಒಂದು ವರ್ಷವೇ ಹೆಚ್ಚಿರುತ್ತಿತ್ತು.