ರೆಪ್ಪೆ ಮಿಟುಕಿಸುವುದನ್ನು ಮರೆತ ಕಣ್ಣು

ಸಂಜೆಯಾಗುತ್ತಿದ್ದಂತೆ ನನ್ನ ಗೆಳೆಯನ ಕಣ್ಣಲ್ಲಿ ನೀರು ಇಳಿಯಲು ಶುರುವಾಗುತ್ತಿತ್ತು. ದಿನವಿಡೀ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕಪತ್ರ ನೋಡುವುದು ಅವನ ಕೆಲಸ. ಮಧ್ಯಾಹ್ನದವರೆಗೆ ಸರಿ, ಆಮೇಲೆ ಕಣ್ಣಿಗೆ ಮರಳು ಬಿದ್ದ ಹಾಗೆ, ನಂತರ ಉರಿ, ಕೊನೆಗೆ ನೀರು. ತೋರಿಸಿಕೊಂಡು ಬಂದವನು ತಲೆ ಕೆಡಿಸಿಕೊಂಡಿದ್ದ. "ಇಷ್ಟೊಂದು ನೀರು ಸುರೀತಿದೆ, ಡಾಕ್ಟರು ನೋಡಿದ್ರೆ ಕಣ್ಣು ಒಣಗಿದೆ ಅಂತಾರಲ್ಲೋ!"

ಡಾಕ್ಟರು ಹೇಳಿದ್ದು ಸರಿಯೇ. ಕಣ್ಣಿನ ಮುಂಭಾಗದಲ್ಲಿ ಗಾಜಿನಂತಿರುವ ಕಾರ್ನಿಯಾದ ಮೇಲೆ ಯಾವಾಗಲೂ ಕಣ್ಣೀರಿನ ಒಂದು ತೆಳು ಪದರ ಇರುತ್ತದೆ. ಅದು ಬರೀ ನೀರಲ್ಲ. ತಳದಲ್ಲಿ ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುವ ಲೋಳೆ, ನಡುವೆ ನೀರು, ಮೇಲೆ ಎಣ್ಣೆಯ ಬಲು ತೆಳುವಾದ ಹೊದಿಕೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕೂತಿರುವ ಮೈಬೋಮಿಯನ್ ಗ್ರಂಥಿಗಳಿಂದ. ರೆಪ್ಪೆ ಪೂರ್ತಿ ಮುಚ್ಚಿದಾಗ ಅವುಗಳ ಮೇಲೆ ಒತ್ತಡ ಬಿದ್ದು ಒಂದಿಷ್ಟು ಎಣ್ಣೆ ಹೊರಬರುತ್ತದೆ. ರೆಪ್ಪೆ ಮತ್ತೆ ಏಳುವಾಗ ಅದನ್ನು ಕಣ್ಣಿನ ಮೇಲೆಲ್ಲ ಸವರಿಕೊಂಡು ಹೋಗುತ್ತದೆ. ಎಣ್ಣೆ ಇದ್ದರೆ ಕೆಳಗಿನ ನೀರು ಬೇಗ ಆರುವುದಿಲ್ಲ.

ರೆಪ್ಪೆ ಬಡಿಯದೆ ಇದ್ದರೆ ಈ ಪದರ ಅಲ್ಲಲ್ಲಿ ಹರಿದು ಒಣ ಜಾಗಗಳಾಗುತ್ತವೆ. ಕಣ್ಣಾಸ್ಪತ್ರೆಯಲ್ಲಿ ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು, ಪದರ ಎಷ್ಟು ಹೊತ್ತಿಗೆ ಹರಿಯುತ್ತದೆ ಎಂದು ಎಣಿಸುತ್ತಾರೆ. 10 ಸೆಕೆಂಡಿಗೂ ಮೊದಲೇ ಹರಿದರೆ ಕಡಿಮೆಯೆಂದೇ ಲೆಕ್ಕ. ಕಾರ್ನಿಯಾದಲ್ಲಿ ನರಗಳ ತುದಿಗಳು ದಟ್ಟವಾಗಿವೆ. ಒಂದು ಚುಕ್ಕೆಯಷ್ಟು ಜಾಗ ಒಣಗಿದರೂ ಅವು ಬೊಬ್ಬೆ ಹಾಕುತ್ತವೆ. ಆಗ ಕಣ್ಣೀರಿನ ಗ್ರಂಥಿ ಗಾಬರಿಬಿದ್ದು ಒಮ್ಮೆಲೇ ನೀರು ಸುರಿಸುತ್ತದೆ. ಆದರೆ ಆ ನೀರಿಗೆ ತಕ್ಕಷ್ಟು ಎಣ್ಣೆ ಇಲ್ಲ, ಹಾಗಾಗಿ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ. ಒಣಗಿದ್ದು ಹಾಗೇ ಉಳಿಯುತ್ತದೆ. ಗೆಳೆಯನ ಒಗಟಿಗೆ ಇದೇ ಉತ್ತರ.

ಸುಮ್ನೆ ಮಾತಾಡುತ್ತ ಕೂತಿದ್ದಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನಿನಲ್ಲಿ ಮುಳುಗಿದಾಗ ಇದು 5ರಿಂದ 7ಕ್ಕೆ ಇಳಿಯುವುದುಂಟು. ಇದಕ್ಕೆ ಸ್ಕ್ರೀನಿನ ಬೆಳಕಿಗಿಂತ ನಮ್ಮ ಗಮನವೇ ಹೆಚ್ಚಿನ ಕಾರಣ. ರೆಪ್ಪೆ ಮುಚ್ಚಿದ ಕ್ಷಣ ನೋಟ ತಪ್ಪುತ್ತದೆ. ಹಾಗಾಗಿ ನೋಡುವುದು ಕಷ್ಟವಾದಷ್ಟೂ ಮಿದುಳು ರೆಪ್ಪೆಯನ್ನು ತಡೆಹಿಡಿಯುತ್ತದೆ. ಎವೆಯಿಕ್ಕದೆ ನೋಡುವುದು ಅನ್ನುತ್ತೇವಲ್ಲ, ಅದೇ. (ನಿಮಿಷ ಎಂಬ ಪದಕ್ಕೆ ಸಂಸ್ಕೃತದಲ್ಲಿ ರೆಪ್ಪೆ ಬಡಿತ ಅಂತಲೇ ಅರ್ಥ. ದೇವತೆಗಳು ರೆಪ್ಪೆ ಬಡಿಯುವುದಿಲ್ಲವಾದ್ದರಿಂದ ಅವರು ಅನಿಮಿಷರು. ಅವರಿಗೆ ಲೆಕ್ಕಪತ್ರದ ಕೆಲಸ ಇರಲಿಲ್ಲ ಅನಿಸುತ್ತದೆ.)

ಎಷ್ಟು ಸಲ ರೆಪ್ಪೆ ಬಡಿಯುತ್ತೇವೆ ಎಂದು ನಾವೇ ಎಣಿಸಲು ಆಗುವುದಿಲ್ಲ. ಎಣಿಸಲು ಹೊರಟ ಕೂಡಲೇ ಲಯ ಬದಲಾಗುತ್ತದೆ. ನಾವು ಹೀಗೆ ಮಾಡಿದೆವು: ಫೋನನ್ನು ಲ್ಯಾಪ್‌ಟಾಪಿನ ಪಕ್ಕ ನಿಲ್ಲಿಸಿ, ಅವನ ಮುಖ ಕಾಣುವಂತೆ ವಿಡಿಯೋ ಹಾಕಿ, 15 ನಿಮಿಷ ಕೆಲಸ ಮಾಡಲು ಬಿಟ್ಟೆವು. ಮೊದಲ ಹತ್ತು ನಿಮಿಷ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟು ಹೊತ್ತಿಗೆ ಅವನು ಕ್ಯಾಮೆರಾ ಮರೆತಿದ್ದ. ಆಮೇಲಿನ ಒಂದು ನಿಮಿಷವನ್ನು ನಿಧಾನವಾಗಿ ಓಡಿಸಿ ನೋಡಿದಾಗ ಸಿಕ್ಕಿದ್ದು ಐದು ಬಡಿತ. ಅದರಲ್ಲೂ ಮೂರು ಅರ್ಧಂಬರ್ಧ. ಮೇಲಿನ ರೆಪ್ಪೆ ಪಾಪೆಯವರೆಗೆ ಇಳಿದು, ಕೆಳಗಿನದನ್ನು ಮುಟ್ಟದೆ ವಾಪಸ್ ಹೋಗಿತ್ತು. ಈ ಅರ್ಧ ಬಡಿತ ಮೋಸದ್ದು. ಎಣ್ಣೆ ಗ್ರಂಥಿಯ ಮೇಲೆ ಸರಿಯಾಗಿ ಒತ್ತಡ ಬೀಳುವುದಿಲ್ಲ, ಕಾರ್ನಿಯಾದ ಕೆಳಭಾಗ ಒದ್ದೆಯೂ ಆಗುವುದಿಲ್ಲ.

ಅವನು ಅಷ್ಟರಲ್ಲಿ ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ಕೊಂಡಾಗಿತ್ತು. ಪ್ರಯೋಜನ ಕಾಣಲಿಲ್ಲ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಸಂಘಟನೆಯ 2023ರ ವರದಿಯೂ, ಇಂಥ ಮಸೂರಗಳಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ಅನುಮಾನ ಎಂದೇ ಹೇಳಿದೆ. ನೀಲಿ ಬೆಳಕು ಅಂದರೆ ಹಗಲಿನ ಆಕಾಶದಲ್ಲಿ ಸ್ಕ್ರೀನಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದೆ, ಅಲ್ವಾ?

ಹಾಗಾದರೆ ಸ್ಕ್ರೀನಿನ ಸೆಟ್ಟಿಂಗ್‌ಗಳಲ್ಲಿ ಏನು ಬದಲಾಯಿಸಬೇಕು? ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅಕ್ಷರದ ಗಾತ್ರ. ಬ್ರೈಟ್‌ನೆಸ್ ಆಮೇಲೆ. ಅವನದು 14 ಇಂಚಿನ ಸ್ಕ್ರೀನು, ಅಗಲಕ್ಕೆ 1920 ಪಿಕ್ಸೆಲ್, ಸ್ಕೇಲ್ 100%ರಲ್ಲೇ ಇತ್ತು. ಅಳತೆಪಟ್ಟಿ ಇಟ್ಟು ನೋಡಿದೆ. ಲೆಕ್ಕದ ಹಾಳೆಯ ಅಂಕಿಗಳು ಸುಮಾರು ಒಂದೂವರೆ ಮಿಲಿಮೀಟರ್ ಎತ್ತರ. ಅವನು ನೆಟ್ಟಗೆ ಕೂತರೆ ಸ್ಕ್ರೀನು 60 ಸೆಂಟಿಮೀಟರ್ ದೂರ. ಆದರೆ ಕೆಲಸ ಬಿಗಿಯಾದಂತೆ ಮುಂದೆ ಬಾಗಿ ಬಾಗಿ 35ಕ್ಕೆ ಬಂದಿರುತ್ತಿದ್ದ.

ಇದರಿಂದ ಎರಡು ಕಡೆ ಹೊಡೆತ. ಹತ್ತಿರದ್ದನ್ನು ನೋಡಲು ಕಣ್ಣೊಳಗಿನ ಸಿಲಿಯರಿ ಸ್ನಾಯು ಬಿಗಿದುಕೊಂಡು ಮಸೂರವನ್ನು ಉಬ್ಬಿಸಬೇಕು. ಎಷ್ಟು ಉಬ್ಬಿಸಬೇಕು ಅನ್ನುವುದನ್ನು ಕನ್ನಡಕದ ನಂಬರಿನ ಅಳತೆಯಲ್ಲೇ ಹೇಳಬಹುದು. 1 ಮೀಟರನ್ನು ದೂರದಿಂದ ಭಾಗಿಸಿದರೆ ಆಯಿತು. 60 ಸೆಂಟಿಮೀಟರಿಗೆ ಸುಮಾರು 1.7. 35ಕ್ಕೆ ಹೆಚ್ಚುಕಡಿಮೆ 2.9. ಇಷ್ಟು ಬಿಗಿತವನ್ನು ಗಂಟೆಗಟ್ಟಲೆ ಹಿಡಿದುಕೊಂಡಿದ್ದರೆ, ತಲೆಯೆತ್ತಿ ದೂರ ನೋಡಿದಾಗ ಕೆಲ ಕ್ಷಣ ಎಲ್ಲ ಮಸುಕು. ಸ್ನಾಯು ಸಡಿಲಗೊಳ್ಳಲು ತಡಮಾಡುತ್ತಿದೆ ಅಂತ ಅರ್ಥ. ಎರಡನೆಯ ಹೊಡೆತ ರೆಪ್ಪೆಗೆ. ಅಕ್ಷರ ಚಿಕ್ಕದಾದಷ್ಟೂ ದಿಟ್ಟಿಸುವುದು ಜಾಸ್ತಿ, ಬಡಿತ ಕಡಿಮೆ.

ಗಾತ್ರ ಸಾಕೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ನೀವು ಮಾಮೂಲಾಗಿ ಕೂರುವ ದೂರದ ಮೂರು ಪಟ್ಟು ಹಿಂದೆ ಹೋಗಿ ನಿಲ್ಲಿ. ಅಲ್ಲಿಂದಲೂ ಕಷ್ಟಪಟ್ಟಾದರೂ ಓದಲು ಬಂದರೆ, ಕೂತಾಗ ಆರಾಮಾಗಿ ಓದಬಹುದು. ಎರಡು ಪಟ್ಟು ದೂರಕ್ಕೇ ಓದಲಾಗದಿದ್ದರೆ ಅಕ್ಷರ ತೀರಾ ಚಿಕ್ಕದು. ಗೆಳೆಯ 1.2 ಮೀಟರಿಗೇ ಸೋತ. 3 ಯಾವುದು, 8 ಯಾವುದು ಗೊತ್ತಾಗಲಿಲ್ಲ. ವಿಂಡೋಸ್‌ನ Settings > System > Display ಒಳಗೆ Scale ಅನ್ನು 150% ಮಾಡಿ, ಹಾಳೆಯ ಜೂಮನ್ನು 120%ಕ್ಕೆ ಏರಿಸಿದೆವು. ಅಂಕಿಗಳು ಸುಮಾರು 2.7 ಮಿಲಿಮೀಟರ್ ಆದವು, 1.8 ಮೀಟರಿನಿಂದ ಅಂತೂ ಇಂತೂ ಓದಿದ. ಇಲ್ಲಿ ರೆಸಲ್ಯೂಶನ್ ಕಡಿಮೆ ಮಾಡಿ ಅಕ್ಷರ ದೊಡ್ಡದು ಮಾಡಬೇಡಿ. ಅಂಚುಗಳು ಮಸುಕಾಗಿ ಮತ್ತೆ ದಿಟ್ಟಿಸುವ ಹಾಗಾಗುತ್ತದೆ. "ಈಗ ಅರ್ಧ ಕಾಲಂಗಳೇ ಕಾಣಲ್ಲ" ಅಂತ ಗೊಣಗಿದ. ನಿಜ, ಅದು ತೆರಬೇಕಾದ ಬೆಲೆ. ಬೇಡದ ಕಾಲಂಗಳನ್ನು ಮರೆಮಾಡಿ ಸುಧಾರಿಸಿಕೊಂಡ.

ಬ್ರೈಟ್‌ನೆಸ್‌ಗೆ ಶೇಕಡಾ ಇಂತಿಷ್ಟು ಎಂಬ ಲೆಕ್ಕವಿಲ್ಲ, ಕೋಣೆಗೆ ತಕ್ಕ ಹಾಗೆ ಬದಲಾಗುತ್ತಿರಬೇಕು. ಒಂದು ಬಿಳಿ ಹಾಳೆಯನ್ನು ಸ್ಕ್ರೀನಿನ ಬಿಳಿ ಪುಟದ ಪಕ್ಕ ಹಿಡಿಯಿರಿ. ಸ್ಕ್ರೀನು ದೀಪದಂತೆ ಉರಿಯುತ್ತಿದ್ದರೆ ಇಳಿಸಿ, ಮಂಕಾಗಿ ಬೂದು ಬಣ್ಣಕ್ಕೆ ಕಂಡರೆ ಏರಿಸಿ. ಎರಡೂ ಒಂದೇ ಥರ ಕಂಡಾಗ ಸರಿ. ಸಂಜೆ ಇನ್ನೊಂದು ಸಲ ನೋಡಬೇಕು.

ಡಾರ್ಕ್ ಮೋಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಳಕಿರುವ ಕೋಣೆಯಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರವೇ ಸಾಮಾನ್ಯವಾಗಿ ಓದಲು ಸಲೀಸು. ಪುಟ ಬೆಳ್ಳಗಿದ್ದರೆ ಪಾಪೆ ಕಿರಿದಾಗುತ್ತದೆ, ಕಿರಿದಾದ ಪಾಪೆಯಲ್ಲಿ ನೋಟ ಚೂಪಾಗುತ್ತದೆ. ಪುಟ ಕಪ್ಪಗಿದ್ದರೆ ಪಾಪೆ ಹಿಗ್ಗಿ, ಕಣ್ಣಿನ ಸಣ್ಣಪುಟ್ಟ ದೋಷಗಳೆಲ್ಲ ಎದ್ದು ಕಾಣುತ್ತವೆ. ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಬಿಳಿ ಅಕ್ಷರಗಳ ಸುತ್ತ ಹೊಗೆಯಂಥ ಅಂಚು ಕಾಣುವುದೂ ಇದೆ. ಕತ್ತಲ ಕೋಣೆಯಲ್ಲಾದರೆ ಡಾರ್ಕ್ ಮೋಡ್ ಹಿತವೇ.

ಸ್ಕ್ರೀನಿನ ಎತ್ತರ ಸೆಟ್ಟಿಂಗ್ ಅಲ್ಲ, ಆದರೂ ಹೇಳಲೇಬೇಕು. ಕತ್ತುನೋವು ಬಾರದಿರಲಿ ಎಂದು ಗೆಳೆಯ ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಏರಿಸಿ, ಬೇರೆ ಕೀಬೋರ್ಡ್ ಹಾಕಿಕೊಂಡಿದ್ದ. ಆದರೆ ತೀರಾ ಮೇಲೆ ಹೋಗಿತ್ತು. ಮೇಲಕ್ಕೆ ನೋಡುವಾಗ ಕಣ್ಣು ಅಗಲವಾಗಿ ತೆರೆದುಕೊಂಡು ಗಾಳಿಗೆ ಜಾಸ್ತಿ ಒಡ್ಡಿಕೊಳ್ಳುತ್ತದೆ. ಎರಡು ಪುಸ್ತಕ ತೆಗೆದು, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಬರುವಂತೆ ಮಾಡಿದೆವು. ನೋಟ ಕೆಳಕ್ಕೆ ಹೋದರೆ ರೆಪ್ಪೆಯೂ ಜತೆಗೆ ಇಳಿಯುತ್ತದೆ. ಮುಖಕ್ಕೆ ನೇರ ಬೀಸುತ್ತಿದ್ದ ಫ್ಯಾನನ್ನೂ ತಿರುಗಿಸಿದೆವು.

ಇನ್ನು ವಿರಾಮ. 20-20-20 ನಿಯಮ ನೀವು ಕೇಳಿರುತ್ತೀರಿ: 20 ನಿಮಿಷಕ್ಕೊಮ್ಮೆ, 20 ಸೆಕೆಂಡ್, 20 ಅಡಿ ದೂರ ನೋಡುವುದು. 1990ರ ದಶಕದಲ್ಲಿ ಇದನ್ನು ಹೇಳಿದ್ದು ಅಮೆರಿಕದ ಆಪ್ಟೋಮೆಟ್ರಿಸ್ಟ್ ಜೆಫ್ರಿ ಆನ್ಶೆಲ್. 20 ಅಡಿ ಎಂದರೆ ಸುಮಾರು 6 ಮೀಟರ್. ಮೇಲಿನ ಭಾಗಾಕಾರ ಮಾಡಿದರೆ 0.17, ಅಂದರೆ ಸ್ನಾಯುವಿಗೆ ಹೆಚ್ಚುಕಡಿಮೆ ರಜೆ. ಅದಕ್ಕೇ ವಿರಾಮದಲ್ಲಿ ಫೋನ್ ನೋಡಿದರೆ ಅದು ವಿರಾಮವಲ್ಲ. 30 ಸೆಂಟಿಮೀಟರಿನ ಫೋನು ಕಣ್ಣಿನಿಂದ ಲ್ಯಾಪ್‌ಟಾಪಿಗಿಂತ ಜಾಸ್ತಿ ಕೆಲಸ ಮಾಡಿಸುತ್ತದೆ.

ಈ ನಿಯಮ ಮಂತ್ರದಂತೆ ಕೆಲಸ ಮಾಡುವುದೂ ಇಲ್ಲ. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕಂಪ್ಯೂಟರೇ ನೆನಪಿಸುವ ಹಾಗೆ ಮಾಡಿ ಎರಡು ವಾರ ಇದನ್ನು ಪಾಲಿಸಿದವರಿಗೆ ತೊಂದರೆ ಕಡಿಮೆಯಾಯಿತು. ನೆನಪಿಸುವುದನ್ನು ನಿಲ್ಲಿಸಿ ವಾರ ಕಳೆಯುವಷ್ಟರಲ್ಲಿ ಆ ಲಾಭ ಉಳಿದಿರಲಿಲ್ಲ. ಅದೇ ವರ್ಷದ ಇನ್ನೊಂದರಲ್ಲಿ, 40 ನಿಮಿಷದ ಓದಿನ ನಡುವೆ 20 ಸೆಕೆಂಡಿನ ವಿರಾಮ ಕೊಟ್ಟಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ನನಗನಿಸುವುದು, ಬರೀ ದೂರ ನೋಡಿದರೆ ಸ್ನಾಯುವಿಗೆ ಆರಾಮ ಸಿಗುತ್ತದೆ, ಒಣಗಿದ ಪದರ ಹಾಗೇ ಇರುತ್ತದೆ. ಆ 20 ಸೆಕೆಂಡಿನಲ್ಲಿ ರೆಪ್ಪೆಗೂ ಕೆಲಸ ಕೊಡಬೇಕು. ಕಣ್ಣನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಎಣಿಸಿ, ತೆರೆಯಿರಿ. ಹೀಗೆ ಐದಾರು ಸಲ. ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಿದರೆ ಇನ್ನೂ ಒಳ್ಳೆಯದು.

ಗೆಳೆಯ ಮೊದಲು ಅಲಾರಂ ಇಟ್ಟುಕೊಂಡ. ಮೂರನೇ ದಿನಕ್ಕೆ ಅದನ್ನು ನೋಡದೆಯೇ ಒತ್ತಿ ಆಫ್ ಮಾಡುವುದು ಅಭ್ಯಾಸವಾಯಿತು. ಆಮೇಲೆ ವಿರಾಮವನ್ನು ಕೆಲಸಕ್ಕೇ ಕಟ್ಟಿದ: ಒಂದು ಹಾಳೆ ಸೇವ್ ಮಾಡಿದಾಗಲೆಲ್ಲ ಕಿಟಕಿಯಾಚೆ ನೋಡಿ ಆರು ಪೂರ್ತಿ ಬಡಿತ. ಇದು ರೂಢಿಯಾಗಿ ಉಳಿಯಿತು. ಮೂರು ವಾರದ ನಂತರ ಮತ್ತೆ ವಿಡಿಯೋ ತೆಗೆದೆವು. ನಿಮಿಷಕ್ಕೆ ಒಂಬತ್ತು, ಅರ್ಧಂಬರ್ಧ ಎರಡೇ. ಸಂಜೆಯ ನೀರು ನಿಂತಿದೆ, ಉರಿ ಆಗಾಗ ಬರುತ್ತದೆ. ಇದು ಒಬ್ಬನ ಲೆಕ್ಕ ಮಾತ್ರ, ಪ್ರಯೋಗ ಅಲ್ಲ.

ಇದರಿಂದ ಸರಿಹೋಗದ್ದೂ ಇದೆ. ನಲವತ್ತು ದಾಟಿದ ಮೇಲೆ ಮಸೂರ ಗಡುಸಾಗಿ ಚಾಳೀಸು ಬಂದಿದ್ದರೆ ಸ್ಕ್ರೀನಿನ ದೂರಕ್ಕೆ ತಕ್ಕ ಕನ್ನಡಕವೇ ಬೇಕು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಗದ್ದ ಎತ್ತಿ ಸ್ಕ್ರೀನು ನೋಡುತ್ತಿದ್ದರೆ ಸ್ಕ್ರೀನನ್ನು ಇನ್ನಷ್ಟು ಇಳಿಸಬೇಕು. ಬೆಳಗ್ಗೆ ಏಳುವಾಗಲೇ ಕಣ್ಣು ಉರಿಯುತ್ತಿದ್ದರೆ ತಪ್ಪು ಸ್ಕ್ರೀನಿನದಲ್ಲ, ರೆಪ್ಪೆಯಂಚಿನ ಗ್ರಂಥಿ ಕಟ್ಟಿಕೊಂಡಿರಬಹುದು. ನೋವು, ಒಂದೇ ಕಣ್ಣು ಕೆಂಪಾಗುವುದು, ಎರಡೆರಡಾಗಿ ಕಾಣುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಒಮ್ಮೆಲೇ ಮಂಜಾಗುವುದು, ಇವು ಯಾವುದಿದ್ದರೂ ಬ್ರೈಟ್‌ನೆಸ್ ತಿರುಗಿಸುತ್ತ ಕೂರಬಾರದು, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.